ಶಾಖ ಸಮೀಕರಣ: ಹರಡುವ ಗಂಟೆಯಾಕಾರದ ಗೆರೆಯನ್ನು ಓದುವುದು ಹೇಗೆ?

ಉದ್ದನೆಯ ತಾಮ್ರದ ಸರಳೊಂದಿದೆ. ಶಾಖ ಸೋರದ ಹಾಗೆ ಸುತ್ತಲೂ ದಪ್ಪಗೆ ಹತ್ತಿ ಸುತ್ತಿದ್ದೇವೆ. ನಟ್ಟನಡುವಿನ 1 ಸೆಂ.ಮೀ. ತುಂಡನ್ನು ಮಾತ್ರ ಥಟ್ಟನೆ ಕಾಯಿಸಿ, ಉಳಿದ ಭಾಗಕ್ಕಿಂತ 100 ಡಿಗ್ರಿ ಜಾಸ್ತಿ ಬಿಸಿ ಮಾಡಿ ಬಿಟ್ಟೆವು ಅಂದುಕೊಳ್ಳಿ. ನಡುವಿನಿಂದ 10 ಸೆಂ.ಮೀ. ದೂರದಲ್ಲಿ ಒಂದು ಥರ್ಮಾಮೀಟರ್ ಇಟ್ಟಿದ್ದೇವೆ. ಮೊದಲು ಅದು ಅಲ್ಲಾಡುವುದೇ ಇಲ್ಲ. ಆಮೇಲೆ ನಿಧಾನಕ್ಕೆ ಏರುತ್ತದೆ, ಒಂದು ಹೊತ್ತಿಗೆ ನಿಲ್ಲುತ್ತದೆ, ಮತ್ತೆ ಇಳಿಯತೊಡಗುತ್ತದೆ. ಅದು ಯಾವಾಗ ನಿಲ್ಲುತ್ತದೆ?

ಇದಕ್ಕೆ ಉತ್ತರ ಕೊಡುವುದು ಶಾಖ ಸಮೀಕರಣ. ಫ್ರಾನ್ಸಿನ ಜೋಸೆಫ್ ಫೂರಿಯೇ 1807ರಲ್ಲಿ ಶಾಖದ ಹರಿವಿನ ಬಗ್ಗೆ ಪ್ರಬಂಧ ಮಂಡಿಸಿದ. 1822ರಲ್ಲಿ ಅದನ್ನೇ ಬೆಳೆಸಿ ಪುಸ್ತಕ ಮಾಡಿದ. ಸಮೀಕರಣ ಇಷ್ಟೇ:

u_t = k u_xx

u ಅಂದರೆ ಉಳಿದ ಸರಳಿಗಿಂತ ಎಷ್ಟು ಡಿಗ್ರಿ ಜಾಸ್ತಿ ಬಿಸಿ ಅನ್ನುವುದು, x ನಡುವಿನಿಂದ ದೂರ, t ಕಳೆದ ಹೊತ್ತು. ಎಡಗಡೆ ಇರುವುದು ಒಂದು ಜಾಗದ ಬಿಸಿ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು. ಸರಳಿನ ಉದ್ದಕ್ಕೂ ಬಿಸಿಯನ್ನು ಒಂದು ಗೆರೆಯಾಗಿ ಬರೆದರೆ, ಅದೇ ಜಾಗದಲ್ಲಿ ಆ ಗೆರೆ ಎಷ್ಟು ಬಾಗಿದೆ ಅನ್ನುವುದು ಬಲಗಡೆ ಇದೆ. ಗೆರೆ ಗುಡ್ಡದ ನೆತ್ತಿಯ ಹಾಗೆ ಬಾಗಿದ್ದರೆ ಆ ಜಾಗ ತಣ್ಣಗಾಗುತ್ತದೆ, ಬೋಗುಣಿಯ ತಳದ ಹಾಗೆ ಬಾಗಿದ್ದರೆ ಬಿಸಿಯಾಗುತ್ತದೆ. ಅಕ್ಕಪಕ್ಕದವರ ಸರಾಸರಿಗಿಂತ ಬಿಸಿ ಇದ್ದವನು ಕೊಡುತ್ತಾನೆ, ಕಡಿಮೆ ಇದ್ದವನು ಪಡೆಯುತ್ತಾನೆ. k ಅಂದರೆ ಥರ್ಮಲ್ ಡಿಫ್ಯೂಸಿವಿಟಿ, ಶಾಖ ಆ ಲೋಹದಲ್ಲಿ ಎಷ್ಟು ಚುರುಕಾಗಿ ಹರಡುತ್ತದೆ ಅನ್ನುವ ಅಳತೆ. ತಾಮ್ರಕ್ಕೆ ಅದು ಸೆಕೆಂಡಿಗೆ ಸುಮಾರು 1.1 ಚದರ ಸೆಂ.ಮೀ.

ಸರಳಿಗೆ ಕೊನೆಯೇ ಇಲ್ಲ ಅಂತ ಇಟ್ಟುಕೊಂಡರೆ ಉತ್ತರ ಗಂಟೆಯಾಕಾರದ ಗೆರೆಯಾಗಿ ಬರುತ್ತದೆ:

u = Q / √(4πkt) · exp(−x² / 4kt)

Q ಅಂದರೆ ನಾವು ಹಾಕಿದ ಶಾಖದ ಲೆಕ್ಕ. ಇಲ್ಲಿ 100 ಡಿಗ್ರಿ, 1 ಸೆಂ.ಮೀ., ಹಾಗಾಗಿ Q = 100. ಗಂಟೆಯ ಕೆಳಗಿನ ವಿಸ್ತೀರ್ಣ ಯಾವಾಗಲೂ ಇದೇ Q. ಶಾಖ ಎಲ್ಲೂ ಕಳೆದುಹೋಗಿಲ್ಲ, ಸುಮ್ನೆ ಹರಡಿದೆ ಅಷ್ಟೆ. ಗಂಟೆಯ ಅಗಲವನ್ನು √(2kt) ಅಂತ ಅಳೆಯುತ್ತೇವೆ. 10 ಸೆಕೆಂಡಿಗೆ ಅಗಲ 4.7 ಸೆಂ.ಮೀ., ನಡುವಿನ ಬಿಸಿ 8.5 ಡಿಗ್ರಿ. 40 ಸೆಕೆಂಡಿಗೆ ಅಗಲ 9.4 ಸೆಂ.ಮೀ., ನಡುವೆ 4.25 ಡಿಗ್ರಿ. ನಾಲ್ಕು ಪಟ್ಟು ಹೊತ್ತು ಕಾದರೂ ಹರಡಿದ್ದು ಎರಡೇ ಪಟ್ಟು, ನೋಡಿ.

ಈ ಅಗಲ ಸುಮ್ಮನೆ ಆರಿಸಿದ ಅಳತೆಯಲ್ಲ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಜಾಗ ಇದು. ಗಂಟೆಯ ನೆತ್ತಿ ಗುಡ್ಡದ ಹಾಗೆ ಬಾಗಿದೆ, ಅಂಚುಗಳು ಬೋಗುಣಿಯ ಹಾಗೆ. ಒಂದು ಬಾಗು ಇನ್ನೊಂದಾಗಿ ತಿರುಗುವ ಬಿಂದು ಸರಿಯಾಗಿ x = √(2kt) ದೂರದಲ್ಲಿರುತ್ತದೆ. ಅಲ್ಲಿ ಬಾಗು ಸೊನ್ನೆ. ಬಾಗು ಸೊನ್ನೆಯಾದರೆ ಬದಲಾವಣೆಯೂ ಸೊನ್ನೆ ಅಲ್ವಾ? ಅಂದರೆ ಆ ಬಿಂದುವಿನ ಒಳಗಡೆ ಇರುವುದೆಲ್ಲ ತಣ್ಣಗಾಗುತ್ತಿದೆ, ಹೊರಗಡೆ ಇರುವುದೆಲ್ಲ ಇನ್ನೂ ಬಿಸಿಯಾಗುತ್ತಿದೆ. ಈ ಗಡಿ ಹೊರಕ್ಕೆ ನಡೆಯುತ್ತಾ ನಮ್ಮ ಥರ್ಮಾಮೀಟರನ್ನು ದಾಟುವ ಕ್ಷಣವೇ ಅದು ಏರುವುದನ್ನು ನಿಲ್ಲಿಸುವ ಕ್ಷಣ. 10 ಸೆಂ.ಮೀ.ಗೆ x²/2k ಲೆಕ್ಕ ಹಾಕಿದರೆ ಸುಮಾರು 45 ಸೆಕೆಂಡು. ಆಗ ಅಲ್ಲಿ 2.4 ಡಿಗ್ರಿ ಏರಿರುತ್ತದೆ, ನಡುವೆ 4 ಡಿಗ್ರಿ. 20 ಸೆಂ.ಮೀ. ದೂರದಲ್ಲಿಟ್ಟರೆ ಮೂರು ನಿಮಿಷ ಕಾಯಬೇಕು.

ಸೂತ್ರದಲ್ಲಿ ಒಂದು ವಿಚಿತ್ರವಿದೆ. t ಸೊನ್ನೆಗಿಂತ ಚೂರು ಜಾಸ್ತಿಯಾದರೂ ಸಾಕು, u ಎಲ್ಲೂ ಸೊನ್ನೆಯಾಗಿರುವುದಿಲ್ಲ. ಹಾಗಾದರೆ ಶಾಖ ಕ್ಷಣದಲ್ಲೇ ಎಲ್ಲೆಡೆ ಮುಟ್ಟಿತೇ? ಒಂದು ಸೆಕೆಂಡಿನ ನಂತರ 1 ಮೀಟರ್ ದೂರದಲ್ಲಿ ಎಷ್ಟು ಅಂತ ಲೆಕ್ಕ ಹಾಕಿ: ದಶಾಂಶ ಬಿಂದುವಿನ ನಂತರ 980ಕ್ಕೂ ಹೆಚ್ಚು ಸೊನ್ನೆ ಬರುತ್ತವೆ. ಯಾವ ಥರ್ಮಾಮೀಟರಿಗೂ ಅದು ಸಿಗದು. ಲೋಹ ಪರಮಾಣುಗಳಿಂದ ಆಗಿದೆ ಅನ್ನುವುದನ್ನು ಈ ಸಮೀಕರಣ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಹೀಗೆ. t = 0 ಇಟ್ಟರೆ ನಡುವಿನ ಬಿಸಿ ಅನಂತ ಅಂತ ಬರುವುದಕ್ಕೆ ಕಾರಣ ಬೇರೆ: ಎಲ್ಲ ಶಾಖವೂ ಮೊದಲು ಒಂದೇ ಬಿಂದುವಿನಲ್ಲಿತ್ತು ಅಂತ ಸೂತ್ರ ಅಂದುಕೊಳ್ಳುತ್ತದೆ. ಗಂಟೆಯ ಅಗಲ ನಾವು ಕಾಯಿಸಿದ ತುಂಡಿಗಿಂತ ದೊಡ್ಡದಾದ ಮೇಲೆ ಮಾತ್ರ ಸೂತ್ರವನ್ನು ನಂಬಬೇಕು.

ಇನ್ನು, ಅನಂತ ಉದ್ದದ ಸರಳು ಎಲ್ಲಿ ಸಿಗುತ್ತದೆ? 1 ಮೀಟರಿನದೇ ಸಾಕು, ಕೊನೆಗಳಿಗೆ ಶಾಖ ಮುಟ್ಟುವ ತನಕ. ಮಧ್ಯದಿಂದ ಕೊನೆಗೆ 50 ಸೆಂ.ಮೀ. 100 ಸೆಕೆಂಡಿನಲ್ಲಿ ಗಂಟೆಯ ಅಗಲ 15 ಸೆಂ.ಮೀ.ಗೂ ಸ್ವಲ್ಪ ಕಡಿಮೆ, ಅಂದರೆ ಕೊನೆ ಮೂರು ಅಗಲಕ್ಕಿಂತ ಆಚೆಗಿದೆ. ಅಲ್ಲಿಯವರೆಗೆ ಸರಳಿಗೆ ಕೊನೆ ಇರುವುದು ಶಾಖಕ್ಕೆ ಹೆಚ್ಚುಕಮ್ಮಿ ಗೊತ್ತೇ ಇಲ್ಲ.

ಪ್ರಯೋಗದಲ್ಲಿ ತಪ್ಪು ಎಲ್ಲಾಗಿದೆ ಅಂತ ಪತ್ತೆಹಚ್ಚಲು ನಡುವಿನ ಬಿಸಿಯನ್ನು √t ಇಂದ ಗುಣಿಸುತ್ತಾ ಹೋಗಿ. ನಮ್ಮ ಸರಳಿಗೆ ಅದು 27ರ ಹತ್ತಿರವೇ ನಿಲ್ಲಬೇಕು. ಬರಬರುತ್ತಾ ಇಳಿದರೆ ಹತ್ತಿಯ ಮೂಲಕ ಶಾಖ ಸೋರುತ್ತಿರಬಹುದು. ಮೊದಲೆಲ್ಲ ಸರಿಯಾಗಿದ್ದು ಕೆಲವು ನಿಮಿಷದ ಮೇಲೆ ಏರತೊಡಗಿದರೆ, ಮುಚ್ಚಿದ ಕೊನೆಗಳಿಂದ ಶಾಖ ವಾಪಸ್ ಬರುತ್ತಿದೆ, ಸರಳು ಇನ್ನು ಅನಂತವಲ್ಲ.