ರಾತ್ರಿ ಹನ್ನೆರಡಕ್ಕೆ ಮತ್ತೆ ತೆರೆದುಕೊಳ್ಳುವ ಆಟ

ರಾತ್ರಿ ತಡವಾಗುವವರೆಗೂ ಮೊಬೈಲ್‌ನಲ್ಲಿ ಆಟ ಆಡಿ, ಬೆಳಿಗ್ಗೆ ತೀರ್ಥಹಳ್ಳಿಯಿಂದ ಶಿವಮೊಗ್ಗದ ಕಾಲೇಜಿಗೆ ಬಸ್ಸಲ್ಲಿ ಹೋಗುವ ಒಬ್ಬ ಪಿಯು ಹುಡುಗ ಇದ್ದಾನೆ ಅಂದುಕೊಳ್ಳಿ. ಮಂಡಗದ್ದೆ ಬರುವಷ್ಟರಲ್ಲಿ ಕಿಟಕಿಗೆ ತಲೆಯಾನಿಸಿ ಗಾಢ ನಿದ್ದೆ. ಇಷ್ಟಕ್ಕೇ ಮೊಬೈಲ್ ಆಟವನ್ನು ಬೈಯಬೇಕಿಲ್ಲ, ಬೆಳಗಿನ ಬಸ್ಸಲ್ಲಿ ಯಾರಿಗೆ ತೂಕಡಿಕೆ ಬರಲ್ಲ ಹೇಳಿ. ನೋಡಬೇಕಾದ್ದು ಭಾನುವಾರ. ಉಳಿದ ದಿನ ಆರಕ್ಕೆ ಎಬ್ಬಿಸಿಕೊಂಡು ಏಳುವವನು ಅವತ್ತು ಹತ್ತೂವರೆಗೆ ಎದ್ದರೆ, ವಾರವಿಡೀ ಕೊರತೆಯಾದ ನಿದ್ದೆಯನ್ನು ದೇಹ ವಸೂಲಿ ಮಾಡುತ್ತಿದೆ ಅಂತ ಅರ್ಥ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಒಂದಕ್ಕೆ ಮಲಗಿ ಆರಕ್ಕೆ ಎದ್ದರೆ ಸಿಗುವುದು ಐದೇ ಗಂಟೆ. ದೀಪ ಆರಿಸಿದ ಮೇಲೂ ಅರ್ಧ ಗಂಟೆ ಹೊರಳಾಡುವುದು ಇನ್ನೊಂದು ಲಕ್ಷಣ.

ಪರದೆಯ ಬೆಳಕು ನಿದ್ದೆಯ ಹಾರ್ಮೋನು ಮೆಲಟೋನಿನ್ ಬರುವುದನ್ನು ತಡಮಾಡುತ್ತದೆ, ನಿಜ. ಆದರೆ ಆಟದಲ್ಲಿ ಬೆಳಕಿಗಿಂತ ಜಾಸ್ತಿ ಕಾಡುವುದು ಸೋಲು ಗೆಲುವಿನ ಉದ್ವೇಗ, ಮತ್ತೆ ‘ಇನ್ನೊಂದೇ ಮ್ಯಾಚ್’ ಅನ್ನುವ ಚಟ. ಹಾಗಾಗಿ ಪರದೆಯನ್ನು ಹಳದಿ ಮಾಡಿದರೆ ಸಾಲದು.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ Digital Wellbeing ಇದೆ. ಅದರ Dashboard ತೆರೆದರೆ ಯಾವ ಆ್ಯಪ್‌ಗೆ ಎಷ್ಟು ಹೊತ್ತು ಹೋಗಿದೆ ಅಂತ ಕಾಣುತ್ತದೆ. ಅಲ್ಲೇ ಆಟಕ್ಕೆ App timer ಹಾಕಬಹುದು. ಒಂದು ಗಂಟೆ ಇಟ್ಟರೆ, ಅಷ್ಟು ಮುಗಿದ ಕೂಡಲೇ ಆಟ ಮುಚ್ಚಿಕೊಂಡು ಐಕಾನ್ ಮಂಕಾಗುತ್ತದೆ. ಎಡವಟ್ಟು ಇರುವುದು ಇಲ್ಲೇ. ಈ ಲೆಕ್ಕ ನಡುರಾತ್ರಿ ಹನ್ನೆರಡಕ್ಕೆ ಹೊಸದಾಗಿ ಶುರುವಾಗುತ್ತದೆ. ರಾತ್ರಿ ಒಂಬತ್ತಕ್ಕೆ ನಿಂತ ಆಟ ಹನ್ನೆರಡು ಹೊಡೆದ ಕೂಡಲೇ ಇನ್ನೊಂದು ಗಂಟೆಗೆ ಸಿದ್ಧ!

ಅದಕ್ಕೇ ಟೈಮರ್ ಜೊತೆ, ಆರಿಸಿದ ಆ್ಯಪ್‌ಗಳನ್ನು ತಡೆಯುವ Focus mode ಬೇಕು, ಅದೂ Digital Wellbeing‌ನಲ್ಲೇ ಇದೆ. ಅದರಲ್ಲಿ ಆಟವನ್ನು ಆರಿಸಿ, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಅಂತ ವೇಳಾಪಟ್ಟಿ ಹಾಕಿ. ಹತ್ತಕ್ಕೆ ಮಲಗಿದರೆ ಆರರವರೆಗೆ ಎಂಟು ಗಂಟೆ ಸಿಗುತ್ತದೆ, ತಲೆ ತಣ್ಣಗಾಗಲು ಮಲಗುವ ಮುಂಚೆ ಒಂದು ಗಂಟೆಯೂ ಇರುತ್ತದೆ. Bedtime mode ಹಾಕಿದರೆ ಆಟ ನಿಲ್ಲುತ್ತದೆ ಅಂತ ಕೆಲವರು ನಂಬುತ್ತಾರೆ. ಅದು ಪರದೆಯನ್ನು ಕಪ್ಪು ಬಿಳುಪು ಮಾಡಿ, ಸದ್ದು ತಡೆಯುತ್ತದೆ ಅಷ್ಟೇ. ಆಟ ಆಡಬಹುದು.

ಟೈಮರ್ ಎಷ್ಟಿರಬೇಕು? ಅದನ್ನು ಮ್ಯಾಚಿನ ಉದ್ದಕ್ಕೆ ಹೊಂದಿಸಿ. ಒಂದು ಮ್ಯಾಚ್ ಅರ್ಧ ಗಂಟೆಯಾದರೆ, ಎರಡಕ್ಕೆ 70 ನಿಮಿಷ ಕೊಡಿ. ನಡುವೆ ಕಾಯುವ ಸಮಯವೂ ಅದರಲ್ಲೇ ಬಂತು. ಸುಮ್ನೆ 45 ನಿಮಿಷ ಅಂತ ಇಟ್ಟರೆ ಎರಡನೇ ಮ್ಯಾಚಿನ ನಡುವೆ ಮುಚ್ಚಿಹೋಗಿ, ಹುಡುಗ ಸಿಟ್ಟಿನಲ್ಲಿ ಟೈಮರನ್ನೇ ತೆಗೆದುಹಾಕುತ್ತಾನೆ. ತೆಗೆಯುವುದು ಸುಲಭ, ಫೋನ್ ಅವನದೇ ಅಲ್ವಾ? ಒಪ್ಪಿ ಹಾಕಿಕೊಂಡರಷ್ಟೇ ಟೈಮರ್ ಉಳಿಯುತ್ತದೆ. ಚಿಕ್ಕ ಮಕ್ಕಳಾದರೆ ಗೂಗಲ್‌ನ Family Link ಆ್ಯಪ್ ಹಾಕಿ, ಬೀಗದ ಕೈ ಅಪ್ಪ ಅಮ್ಮನ ಫೋನಿನಲ್ಲಿರುತ್ತದೆ.

ಎರಡು ಮೂರು ವಾರ ಬಿಟ್ಟು ಭಾನುವಾರ ಏಳುವ ಹೊತ್ತು ನೋಡಿ. ಎಂಟರ ಸುಮಾರಿಗೆ ಬಂದಿದ್ದರೆ ಆಟವೇ ಕಾರಣವಾಗಿತ್ತು ಅನ್ನಬಹುದು. ಆಟ ನಿಂತರೂ ಹಗಲು ತೂಕಡಿಕೆ ಹೋಗದಿದ್ದರೆ, ಜೋರು ಗೊರಕೆಯೂ ಇದ್ದರೆ, ವೈದ್ಯರಿಗೆ ತೋರಿಸಿ.