ಪೋಸ್ ಗೈಡೆನ್ಸ್: ಮೈ ಭಂಗಿ ಹಾಗೇ ಇರಲಿ, ಮುಖ ಮಾತ್ರ ಬದಲಾಗಲಿ

ಮಾತಿನಲ್ಲಿ ಹೇಳಿದ್ದನ್ನು ಚಿತ್ರ ಮಾಡುವ ಡಿಫ್ಯೂಷನ್ ಮಾಡೆಲ್‌ಗೆ "ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹೆಂಗಸು" ಎಂದು ಬರೆದರೆ ಚಿತ್ರ ಬರುತ್ತದೆ. ಅದೇ ಭಂಗಿಯಲ್ಲಿ ಅಜ್ಜಿ ಬೇಕು ಎಂದು ಪದ ಬದಲಿಸಿದರೆ ಅಜ್ಜಿಯೂ ಬರುತ್ತಾಳೆ. ಆದರೆ ಕೊಡ ಇನ್ನೊಂದು ಸೊಂಟಕ್ಕೆ ಹೋಗಿರುತ್ತದೆ, ಕೈ ಎಲ್ಲೋ ಇರುತ್ತದೆ. ಮಾತಿನಲ್ಲಿ ಹೇಳಿದ ಭಂಗಿಗೆ ನಿಖರತೆ ಕಮ್ಮಿ. ಅದಕ್ಕೇ ಭಂಗಿಯನ್ನು ಚಿತ್ರವಾಗಿಯೇ ಕೊಡುವ ದಾರಿ ಬಂತು. ಇದಕ್ಕೆ ಪೋಸ್ ಗೈಡೆನ್ಸ್ ಎನ್ನುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಸಾಧನ ಕಂಟ್ರೋಲ್‌ನೆಟ್. ಸ್ಟ್ಯಾನ್‌ಫರ್ಡ್‌ನ ಲ್ವಮಿನ್ ಝಾಂಗ್, ಅನ್ಯಿ ರಾವ್, ಮನೀಶ್ ಅಗ್ರವಾಲಾ 2023ರಲ್ಲಿ ಅದನ್ನು ಹೊರತಂದರು.

ಅದರ ಉಪಾಯ ಹೀಗಿದೆ. ಮೂಲ ಮಾಡೆಲ್ ಅನ್ನು ಮುಟ್ಟದೆ, ಅದರ ಒಂದು ಭಾಗದ ನಕಲು ಮಾಡಿ, ಆ ನಕಲಿಗೆ ಮಾತ್ರ ಭಂಗಿ ಓದುವುದನ್ನು ಕಲಿಸುತ್ತಾರೆ. ನಕಲು ಹೇಳಿದ್ದು ಮೂಲಕ್ಕೆ ಸೇರುವ ಜಾಗದಲ್ಲಿ, ಅದು ಎಷ್ಟು ಸೇರಬೇಕು ಎಂದು ಹೇಳುವ ತೂಕಗಳು ಶುರುವಿನಲ್ಲಿ ಸೊನ್ನೆ. ಹಾಗಾಗಿ ಕಲಿಕೆಯ ಮೊದಲ ಹೆಜ್ಜೆಯಲ್ಲೇ ಮೂಲದ ಚಿತ್ರ ಬಿಡಿಸುವ ಶಕ್ತಿ ಕೆಡುವುದಿಲ್ಲ.

ಭಂಗಿಯ ಚಿತ್ರವನ್ನು ತಯಾರಿಸುವುದು ಓಪನ್‌ಪೋಸ್ ಎಂಬ ಬೇರೆ ಸಾಧನ. ಅದು ಫೋಟೋ ನೋಡಿ ಮೈಯಲ್ಲಿ 18 ಬಿಂದುಗಳನ್ನು ಹುಡುಕಿ, ಬಣ್ಣದ ಕಡ್ಡಿಗಳ ಮನುಷ್ಯನನ್ನು ಬಿಡಿಸುತ್ತದೆ. ಕುತ್ತಿಗೆ, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಪಾದದ ಗೆಣ್ಣು. ತಲೆಗೆ ಮೂಗು, ಎರಡು ಕಣ್ಣು, ಎರಡು ಕಿವಿ. ಕಡ್ಡಿಚಿತ್ರದಲ್ಲಿ ಇರುವುದು ಇಷ್ಟೇ. ಸೀರೆಯ ಬಣ್ಣ, ಹಿನ್ನೆಲೆ, ಕೊಡ ಯಾವುದೂ ಅದರಲ್ಲಿ ಇಲ್ಲ. ಅಂದರೆ ಬರೀ ಪೋಸ್ ಕೊಟ್ಟು ಹೊಸ ಚಿತ್ರ ಮಾಡಿಸಿದರೆ ಭಂಗಿ ಉಳಿಯುತ್ತದೆ, ಸೀರೆ ಮಾತ್ರ ಬೇರೆಯೇ ಆಗಬಹುದು. ಹೆಚ್ಚಿನವರು ಎಡವುವುದು ಇಲ್ಲೇ.

ಮುಖ ಮಾತ್ರ ಬದಲಾಗಬೇಕಾದರೆ ಇನ್‌ಪೇಂಟಿಂಗ್ ಬೇಕು. ಮುಖದ ಮೇಲೆ ಮಾಸ್ಕ್ ಬಳಿದರೆ ಮಾಡೆಲ್ ಆ ಜಾಗವನ್ನಷ್ಟೇ ಹೊಸದಾಗಿ ಬಿಡಿಸುತ್ತದೆ. ಹಾಗಾದರೆ ಮೈ ಹೇಗೂ ಉಳಿಯಿತಲ್ಲ, ಕಂಟ್ರೋಲ್‌ನೆಟ್ ಯಾಕೆ ಅಲ್ವಾ? ಕೊಡ ಹೊತ್ತ ಆ ಹೆಂಗಸನ್ನೇ ನೋಡೋಣ. ಅವಳು ಎಡಕ್ಕೆ ತಿರುಗಿ, ತಲೆ ಸ್ವಲ್ಪ ಬಗ್ಗಿಸಿದ್ದಾಳೆ. ಹಳೆಯ ಚಿತ್ರ ಎಷ್ಟು ಬದಲಾಗಬೇಕು ಎಂದು ಹೇಳುವ ಡಿನಾಯ್ಸಿಂಗ್ ಅನ್ನು 0.3ಕ್ಕೆ ಇಟ್ಟರೆ ಅದೇ ಮುಖಕ್ಕೆ ನಾಲ್ಕು ಗೆರೆ ಸುಕ್ಕು ಬರುತ್ತದೆ ಅಷ್ಟೇ. 0.75ಕ್ಕೆ ಏರಿಸಿದರೆ ಬೇರೆಯೇ ಅಜ್ಜಿ ಬರುತ್ತಾಳೆ, ಆದರೆ ನೇರ ಕ್ಯಾಮೆರಾ ನೋಡುತ್ತಾಳೆ. ಕುತ್ತಿಗೆ ಎಡಕ್ಕೆ, ಮುಖ ಎದುರಿಗೆ! ಇಲ್ಲಿ ಪೋಸ್ ಕೆಲಸಕ್ಕೆ ಬರುತ್ತದೆ. ಮೂಗು, ಕಣ್ಣು, ಕಾಣುವ ಒಂದೇ ಕಿವಿ, ಇವುಗಳ ಜಾಗ ಸಿಕ್ಕರೆ ತಲೆ ಯಾವ ಕಡೆಗಿದೆ ಎಂದು ಮಾಡೆಲ್‌ಗೆ ಗೊತ್ತಾಗುತ್ತದೆ. ಆಗ ಡಿನಾಯ್ಸಿಂಗ್ ಜಾಸ್ತಿ ಇಟ್ಟರೂ ತಲೆ ತಿರುಗುವ ಭಯ ತುಂಬಾ ಕಡಿಮೆ.

ಫೋಟೋದಿಂದ ಕಡ್ಡಿಚಿತ್ರ ತೆಗೆಯಲು ಯಾವ ಪ್ರಿಪ್ರೊಸೆಸರ್ ಆರಿಸುತ್ತೀರಿ ಎನ್ನುವುದೂ ಮುಖ್ಯ. `openpose_full` ಚೆನ್ನಾಗಿರಬೇಕು ಎಂದು ಸುಮ್ನೆ ಅದನ್ನೇ ಒತ್ತುವವರು ಜಾಸ್ತಿ. ಅದು ಮೈ, ಕೈಬೆರಳುಗಳ ಜೊತೆಗೆ ಹುಬ್ಬು, ತುಟಿ, ದವಡೆಯ ಅಂಚನ್ನೂ ಬಿಂದುಗಳಲ್ಲಿ ಹಿಡಿಯುತ್ತದೆ. ದವಡೆ ಹಳೆಯವಳದೇ ಆದರೆ ಹೊಸ ಮುಖವೂ ಹಳೆಯದರ ಅಳತೆಗೇ ಬಂದು ಕೂರುತ್ತದೆ. ಮುಖ ಬದಲಿಸುವುದೇ ಉದ್ದೇಶವಾದರೆ ಬರೀ `openpose` ಸಾಕು. ಹಳೆಯ ನಗುವೇ ಬೇಕಿದ್ದರೆ ಮಾತ್ರ `openpose_full`. ಅಂಚು ಹಿಡಿಯುವ ಕ್ಯಾನಿ ಈ ಕೆಲಸಕ್ಕೆ ಬೇಡ. ಹಳೆಯ ಮುಖದ ಗೆರೆಗಳೇ ಮತ್ತೆ ಬರುತ್ತವೆ.

ಇನ್ನೊಂದು ಹಿಡಿತ ಸಮಯದ್ದು. ಮಾಡೆಲ್ ಚಿತ್ರವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸುತ್ತದೆ. ಒಟ್ಟು ರಚನೆ ಮೊದಲ ಹೆಜ್ಜೆಗಳಲ್ಲೇ ಗಟ್ಟಿಯಾಗುತ್ತದೆ, ಚರ್ಮ, ರೆಪ್ಪೆಯಂಥ ಸೂಕ್ಷ್ಮಗಳು ಕೊನೆಯಲ್ಲಿ ಬರುತ್ತವೆ. ಹಾಗಾಗಿ ಪೋಸ್‌ನ ಬಲ ಹೇಳುವ ಕಂಟ್ರೋಲ್ ವೇಟ್ ಅನ್ನು 1ಕ್ಕೆ ಇಟ್ಟು, ಪೋಸ್‌ನ ಹಿಡಿತ ಯಾವಾಗ ಬಿಡಬೇಕು ಎಂದು ಹೇಳುವ ಎಂಡಿಂಗ್ ಸ್ಟೆಪ್ ಅನ್ನು 0.7ರ ಹತ್ತಿರ ನಿಲ್ಲಿಸಿ ನೋಡಬಹುದು. ತಲೆಯ ದಿಕ್ಕು ಉಳಿಯುತ್ತದೆ, ಮುಖಕ್ಕೆ ಸ್ವಲ್ಪ ಸ್ವಾತಂತ್ರ್ಯ ಸಿಗುತ್ತದೆ.

ಫಲಿತಾಂಶ ಕೆಟ್ಟರೆ ಸೆಟ್ಟಿಂಗ್‌ಗಿಂತ ಮೊದಲು ಕಡ್ಡಿಚಿತ್ರ ತೆರೆದು ನೋಡಿ. ಸೀರೆಯ ನೆರಿಗೆಯೊಳಗೆ ಮೊಣಕಾಲು ಕಾಣದೆ, ಓಪನ್‌ಪೋಸ್ ಎಲ್ಲೋ ಊಹಿಸಿ ಇಟ್ಟಿರಬಹುದು ಅಥವಾ ಬಿಟ್ಟೇ ಬಿಟ್ಟಿರಬಹುದು. ಮುಖಕ್ಕೆ ಸೆರಗು ಅಡ್ಡ ಬಂದಿದ್ದರೆ ಕಿವಿಯ ಬಿಂದು ಇಲ್ಲದೇ ಇರಬಹುದು. ಬಿಂದುಗಳು ಸರಿಯಾಗಿದ್ದೂ ಮುಖ ಕಲಸಿದಂತೆ ಬಂದರೆ ತಪ್ಪು ಅಳತೆಯದು. ಸ್ಟೇಬಲ್ ಡಿಫ್ಯೂಷನ್ 1.5 ಎಂಬ ಮಾಡೆಲ್ ಚಿತ್ರವನ್ನು ಎಂಟು ಪಟ್ಟು ಕುಗ್ಗಿಸಿಕೊಂಡು ಕೆಲಸ ಮಾಡುತ್ತದೆ. 64 ಪಿಕ್ಸೆಲ್ ಅಗಲದ ಮುಖ ಅದಕ್ಕೆ 8 ಚೌಕದಷ್ಟು ಅಗಲ ಮಾತ್ರ. ಅಷ್ಟರಲ್ಲಿ ಕಣ್ಣು ಹೇಗೆ ಬಿಡಿಸಲಿ ಪಾಪ! ಮಾಸ್ಕ್‌ನ ಜಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ ಬಿಡಿಸುವ `Only masked` ಆಯ್ಕೆ ಇರುವುದು ಇದಕ್ಕೇ.

ಪೋಸ್ ಗೈಡೆನ್ಸ್‌ನಿಂದ ಆಗದ ಕೆಲಸವೂ ಇದೆ. ದೊಡ್ಡವರ ಕಡ್ಡಿಚಿತ್ರದ ಮೇಲೆ ಮಗುವಿನ ಮುಖ ಬೇಡಿದರೆ, ಭುಜ ದೊಡ್ಡವರದೇ ಉಳಿದು ವಿಚಿತ್ರವಾಗಿ ಕಾಣುತ್ತದೆ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಮುಖವೇ ಬೇಕೆಂದರೂ ಪೋಸ್ ನೆರವಾಗದು, ಭಂಗಿಗೆ ಗುರುತು ಇಲ್ಲವಲ್ಲ. ಅದಕ್ಕೆ ಆ ವ್ಯಕ್ತಿಯ ಫೋಟೋವನ್ನೇ ಮಾದರಿಯಾಗಿ ತೆಗೆದುಕೊಳ್ಳುವ ಐಪಿ-ಅಡಾಪ್ಟರ್‌ನಂಥ ಬೇರೆ ಸಾಧನ ಜೊತೆಗೆ ಸೇರಿಸುತ್ತಾರೆ. ಅಲ್ಲಿಗೆ ಹೋದರೆ ಆ ವ್ಯಕ್ತಿಯ ಒಪ್ಪಿಗೆ ಮೊದಲು ಕೇಳಬೇಕು.