ಸಂಚಕಾರವೋ, ಬರಿಯ ಮುಂಗಡವೋ?

ಸಂಚಕಾರ ಎಂದರೆ ಈಗ ನಮ್ಮ ಕಿವಿಗೆ ಕೇಳಿಸುವುದು ಕುತ್ತು, ಆಪತ್ತು. ‘ಜೀವಕ್ಕೆ ಸಂಚಕಾರ’ ಎಂದು ಪತ್ರಿಕೆಗಳು ಬರೆಯುತ್ತವೆ. ಆದರೆ ಈ ಪದದ ಇನ್ನೊಂದು ಅರ್ಥ ವ್ಯಾಪಾರದ್ದು. ಸಂಸ್ಕೃತದ ‘ಸತ್ಯಂಕಾರ’ದ ತದ್ಭವ ಇದು, ಆಡಿದ ಮಾತನ್ನು ಸತ್ಯವಾಗಿಸಲು ಮೊದಲೇ ಕೈಗಿಡುವ ಹಣ. ಉತ್ತರ ಕರ್ನಾಟಕದಲ್ಲಿ ಇದನ್ನೇ ಇಸಾರ ಎನ್ನುವವರಿದ್ದಾರೆ. ಆನ್‌ಲೈನಿನಲ್ಲಿ ಮದುವೆಯ ಸಾಮಾನಿಗೆ ಮುಂಗಡ ಕಟ್ಟಿ ಕಳೆದುಕೊಂಡವರಿಗೆ ಎರಡು ಅರ್ಥಗಳೂ ಒಟ್ಟಿಗೇ ತಿಳಿದಿರುತ್ತವೆ.

ಮಾರುವವರು ಬರೆಯುವುದು ‘ಶೇ. 50 ಅಡ್ವಾನ್ಸ್’ ಎಂದಷ್ಟೇ. ಆ ಒಂದು ಪದದಲ್ಲಿ ಎರಡು ಬೇರೆ ಬೇರೆ ಹಣ ಅಡಗಿರಬಹುದು. ಒಂದು ಸಂಚಕಾರ: ಕೊಳ್ಳುವವನು ಹಿಂದೆ ಸರಿದರೆ ಅದು ಮಾರುವವನ ಪಾಲು, ಮಾರುವವನೇ ತಪ್ಪಿದರೆ ಮರಳಿಸಬೇಕು. ಇನ್ನೊಂದು ಬೆಲೆಯ ಮೊದಲ ಕಂತು: ವ್ಯವಹಾರ ಮುರಿದರೆ, ಮಾರುವವನಿಗೆ ಆದ ನಷ್ಟವನ್ನು ಕಳೆದು ಉಳಿದದ್ದು ಕೊಂಡವನಿಗೆ ವಾಪಸು ಬರಬೇಕು. ಯಾವುದು ಯಾವುದೆಂದು ಹಣ ಕಳಿಸುವ ಮೊದಲು ಕೇಳುವವರು ಕಡಿಮೆ. ನಾವೂ ಕೇಳಿರಲಿಲ್ಲ.

ಒಂದು ಲೆಕ್ಕ ಹಾಕೋಣ. ವಧೂವರರ ಹೆಸರು ಅಚ್ಚಾದ 400 ತಾಂಬೂಲದ ಚೀಲ, ಒಂದಕ್ಕೆ 65 ರೂಪಾಯಿ, ಒಟ್ಟು 26,000. ಅರ್ಧ, ಅಂದರೆ 13,000 ರೂಪಾಯಿ ಮುಂಗಡ ಕಟ್ಟಿದ್ದಾಯಿತು. ಐದನೆಯ ದಿನ ಗಂಡಿನ ಮನೆಯಲ್ಲಿ ಸೂತಕ. ಮದುವೆ ಮುಂದಕ್ಕೆ ಹೋಯಿತು, ಆರ್ಡರ್ ಬೇಡವೆಂದು ಹೇಳಿದರು. ಅಷ್ಟರಲ್ಲಿ ಮಾರುವವನು ವಿನ್ಯಾಸಕ್ಕೆ 1,500, ಅಚ್ಚಿನ ಸ್ಕ್ರೀನಿಗೆ 800 ಖರ್ಚು ಮಾಡಿದ್ದಾನೆ. ಖಾಲಿ ಚೀಲಗಳು ಅವನ ಬಳಿ ಇವೆ, ಆದರೆ ಅವನ್ನು ನಾಳೆ ಇನ್ನೊಬ್ಬರಿಗೆ ಮಾರಬಹುದು. ಅವನ ನಷ್ಟ 2,300 ರೂಪಾಯಿ; ಇದು ಬೆಲೆಯ ಕಂತಾಗಿದ್ದರೆ 10,700 ಮರಳಬೇಕು. ಅದೇ ಅಚ್ಚು ಮುಗಿದಿದ್ದರೆ ಕಥೆ ತಿರುಗಿತು. ಬೇರೆಯವರ ಹೆಸರಿರುವ ಚೀಲವನ್ನು ಯಾರು ಕೊಳ್ಳುತ್ತಾರೆ? ಚೀಲಕ್ಕೆ 38, ಅಚ್ಚಿಗೆ 12 ಎಂದು ಹಿಡಿದರೂ 20,000 ರೂಪಾಯಿ ಹೋಯಿತು. ಆಗ ಅವನು ಇಡೀ ಮುಂಗಡವನ್ನು ಇಟ್ಟುಕೊಂಡರೆ ನ್ಯಾಯವೇ. ಹಾಗಾಗಿ ಆರ್ಡರಿನಲ್ಲಿ ಕೇಳಿ ಬರೆಸಿಕೊಳ್ಳಬೇಕಾದ ದಿನ ಯಾವುದೆಂದರೆ ಅಚ್ಚು ಶುರುವಾಗುವ ದಿನ. ‘ಯಾವ ಕಾರಣಕ್ಕೂ ಹಣ ಮರಳದು’ ಎಂಬ ಒಂದೇ ಸಾಲು ಈ ಎರಡು ಸಂದರ್ಭಗಳನ್ನೂ ಒಂದೇ ಗಂಟಿಗೆ ಕಟ್ಟಿಬಿಡುತ್ತದೆ.

ಆ ಸಾಲು ಬರೆದಿದ್ದರೆ ಎಲ್ಲವೂ ಮುಗಿಯಿತೇ? ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ನಮೂದಿಸಿದ ಮೊತ್ತ ಪರಿಹಾರದ ಮೇಲ್ಮಿತಿ ಮಾತ್ರ. ಸಿಗುವುದು ಅದರೊಳಗಿನ ನ್ಯಾಯಸಮ್ಮತ ಪರಿಹಾರ. ಇದರ ಪ್ರಸಿದ್ಧ ತೀರ್ಪೂ ಒಂದು ಸಗಟು ಆರ್ಡರಿನದೇ. ಮೌಲಾ ಬಕ್ಷ್ ಎಂಬುವರು ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಪೂರೈಸುವ ಗುತ್ತಿಗೆ ಹಿಡಿದು ಠೇವಣಿ ಇಟ್ಟಿದ್ದರು. ಪೂರೈಕೆ ತಪ್ಪಿತು, ಸರ್ಕಾರ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ನಷ್ಟವನ್ನು ತೋರಿಸಬಹುದಾದ ಕಡೆ ತೋರಿಸದೆ ಹಣ ಇಟ್ಟುಕೊಳ್ಳುವಂತಿಲ್ಲ ಎಂದು 1969ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದೇ ತೀರ್ಪು ಸಂಚಕಾರವನ್ನು ಬೇರೆಯಾಗಿ ಕಂಡಿತು: ಮೊತ್ತ ಮಿತವಾಗಿದ್ದರೆ ಅದನ್ನು ಇಟ್ಟುಕೊಳ್ಳುವುದು ದಂಡವಲ್ಲ. ಆದ್ದರಿಂದಲೇ ನನ್ನ ಸಲಹೆ, 13,000ವನ್ನು ಒಂದೇ ಮೊತ್ತವಾಗಿ ಬರೆಯಬೇಡಿ. ‘2,600 ಸಂಚಕಾರ, 10,400 ಬೆಲೆಯ ಕಂತು’ ಎಂದು ಬರೆಸಿ. ಒಳ್ಳೆಯ ವ್ಯಾಪಾರಿ ಇದಕ್ಕೆ ಬೇಸರಿಸುವುದಿಲ್ಲ.

ಇನ್ನು ದಿನಾಂಕ. ‘15 ದಿನದಲ್ಲಿ ಡಿಸ್‌ಪ್ಯಾಚ್’ ಎಂದರೆ ಅವರ ಅಂಗಡಿಯಿಂದ ಹೊರಡುವ ದಿನ, ನಮ್ಮ ಮನೆ ತಲುಪುವ ದಿನವಲ್ಲ. ಆ ಹದಿನೈದು ದಿನ ಯಾವತ್ತಿನಿಂದ ಶುರು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ನಮ್ಮ ಅಣ್ಣನ ಮಗಳ ಮದುವೆಯಲ್ಲಿ ನಾವು ಹಣ ಕಟ್ಟಿದ ದಿನದಿಂದ ಎಣಿಸಿದೆವು. ಅವರು ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟ ದಿನದಿಂದ ಎಣಿಸಿದರು. ಹುಡುಗಿಯ ಹೆಸರಿನ ಹಿಂದೆ ‘ಚಿ. ಸೌ.’ ಇರಬೇಕೋ ‘ಚಿ. ಕುಂ. ಸೌ.’ ಇರಬೇಕೋ ಎಂದು ಚಿಕ್ಕಪ್ಪ, ಸೋದರಮಾವ ಇಬ್ಬರೂ ವಾದಿಸಿದ್ದರಲ್ಲೇ ನಾಲ್ಕು ದಿನ ಹೋಗಿತ್ತು. ಚೀಲಗಳು ಬಂದದ್ದು ಮದುವೆಯ ಹಿಂದಿನ ಸಂಜೆ, ಅದೂ ಅರುವತ್ತು ಕಡಿಮೆ. ಸುಮ್ಮನೆ ತೆಗೆದುಕೊಂಡೆವು, ಕಡಿಮೆ ಬಿದ್ದದ್ದಕ್ಕೆ ಪೇಟೆಗೆ ಓಡಿದೆವು.

ಆ ‘ಸುಮ್ಮನೆ’ಯಲ್ಲೇ ನಾವು ಎಡವಿದ್ದು. ಕರಾರು ಕಾಯ್ದೆಯ 55ನೆಯ ಕಲಮು ಹೀಗೆ ಹೇಳುತ್ತದೆ: ಗಡುವೇ ಮುಖ್ಯವಾದ ಕರಾರಿನಲ್ಲಿ ಗಡುವು ಮೀರಿದರೆ ಕೊಳ್ಳುವವನು ಕರಾರನ್ನೇ ರದ್ದು ಮಾಡಬಹುದು. ಆದರೆ ತಡವಾದ ಸರಕನ್ನು ಸ್ವೀಕರಿಸಿದರೆ, ಸ್ವೀಕರಿಸುವಾಗಲೇ ಸೂಚನೆ ಕೊಟ್ಟಿರದಿದ್ದರೆ, ತಡದ ನಷ್ಟವನ್ನು ಆಮೇಲೆ ಕೇಳುವಂತಿಲ್ಲ. ‘ತಡವಾಗಿ ಬಂದಿದೆ, ಬೇರೆ ದಾರಿಯಿಲ್ಲದೆ ತೆಗೆದುಕೊಳ್ಳುತ್ತಿದ್ದೇವೆ, ತಡದಿಂದಾದ ನಷ್ಟವನ್ನು ಕೇಳುತ್ತೇವೆ’ ಎಂದು ವಾಟ್ಸ್ಆ್ಯಪಿನಲ್ಲಿ ಒಂದು ಸಾಲು ಕಳಿಸಿ, ಬಿಚ್ಚುವ ಮೊದಲು ಪೆಟ್ಟಿಗೆಯ ಚಿತ್ರ ತೆಗೆದಿಟ್ಟಿದ್ದರೆ ನಮ್ಮ ಕೈಯಲ್ಲಿ ಪುರಾವೆ ಇರುತ್ತಿತ್ತು. ಗಡುವು ಮುಖ್ಯವೆಂಬುದು ಆರ್ಡರಿನಿಂದಲೇ ತಿಳಿಯಬೇಕು: ‘ಮದುವೆ 12ಕ್ಕೆ, ಚೀಲಗಳು 7ರೊಳಗೆ ಮನೆ ತಲುಪದಿದ್ದರೆ ಬೇಡ, ಪೂರ್ತಿ ಹಣ ವಾಪಸು.’ ಮದುವೆಗೂ ಗಡುವಿಗೂ ಐದು ದಿನ ಅಂತರ ಇಟ್ಟದ್ದು ಪೇಟೆಗೆ ಓಡುವ ಕಾಲಾವಕಾಶಕ್ಕೆ.

ದೊಡ್ಡ ಮಾರುಕಟ್ಟೆ ತಾಣಗಳ ಮೂಲಕ ಕೊಂಡರೆ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಜೊತೆಗಿವೆ. ಹೇಳಿದ ದಿನಕ್ಕಿಂತ ತಡವಾಗಿ ಬಂದ ಸರಕನ್ನು ವಾಪಸು ಪಡೆಯಲು, ಹಣ ಮರಳಿಸಲು ಅಲ್ಲಿನ ಮಾರಾಟಗಾರ ನಿರಾಕರಿಸುವಂತಿಲ್ಲ. ನೆರೆಯಂಥ, ಅವನ ಕೈಮೀರಿದ ಕಾರಣವಿದ್ದರೆ ಮಾತು ಬೇರೆ. ತಾನು ಆರ್ಡರ್ ರದ್ದು ಮಾಡಿದಾಗ ತಾನೂ ಅಂಥದೇ ಶುಲ್ಕ ತೆರದಿದ್ದರೆ, ಆ ತಾಣ ಗ್ರಾಹಕರ ಮೇಲೆ ರದ್ದತಿ ಶುಲ್ಕ ಹಾಕುವಂತಿಲ್ಲ ಎಂಬುದೂ ಅದರಲ್ಲಿದೆ. ಆದರೆ ತಾಣದಲ್ಲಿ ಸಿಕ್ಕ ವ್ಯಾಪಾರಿ ‘ನೇರವಾಗಿ ಯುಪಿಐ ಮಾಡಿ, ಚೀಲಕ್ಕೆ ಐದು ರೂಪಾಯಿ ಕಡಿಮೆ’ ಎಂದಾಗ ನೀವು ಒಪ್ಪಿದರೆ, ಆ ತಾಣದಲ್ಲಿ ನಿಮ್ಮ ಆರ್ಡರಿನ ದಾಖಲೆಯೇ ಇರುವುದಿಲ್ಲ. ಉಳಿಸುವ 2,000 ರೂಪಾಯಿಗೆ ಇದು ದುಬಾರಿ.

ಕಚೇರಿಯ ಕಾರ್ಯಕ್ರಮಕ್ಕೆ ಬ್ಯಾಗು, ಟಿ-ಶರ್ಟ್ ತರಿಸುವವರಿಗೆ ಒಂದು ತೊಡಕು ಹೆಚ್ಚು. ‘ವಾಣಿಜ್ಯ ಉದ್ದೇಶ’ಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವುದರಿಂದ ಎದುರು ಪಕ್ಷ ಮೊದಲು ಎತ್ತುವ ತಕರಾರು ಅದೇ. ಆದರೆ ದಾದಿಯರ ವಸತಿಗೆಂದು ಫ್ಲಾಟುಗಳನ್ನು ಕೊಂಡಿದ್ದ ಮುಂಬೈಯ ಆಸ್ಪತ್ರೆ ಟ್ರಸ್ಟೊಂದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಗ್ರಾಹಕನೆಂದೇ ಒಪ್ಪಿತು. ಲಾಭ ತರುವ ಚಟುವಟಿಕೆಗೂ ಆ ಖರೀದಿಗೂ ನೇರ ಸಂಬಂಧವಿರಲಿಲ್ಲ ಎಂಬುದು ಕಾರಣ. ಸಿಬ್ಬಂದಿಗೆ ಹಂಚುವ ಉಡುಗೊರೆಗೆ ಈ ವಾದ ಹೊಂದಬಹುದು, ಮಾರಾಟ ಮೇಳದಲ್ಲಿ ಗಿರಾಕಿಗಳಿಗೆ ಹಂಚುವ ಚೀಲಕ್ಕೆ ಹೊಂದುವುದು ಕಷ್ಟ. ಮದುವೆ ಮನೆಯವರಿಗೆ ಈ ತಕರಾರಿಲ್ಲ. ಅವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಗ ಕೈಯಲ್ಲಿ ಆರ್ಡರಿನ ಪ್ರತಿ, ಹಣ ಕಳಿಸಿದ ರಸೀದಿ, ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟ ದಿನದ ಸಂದೇಶ ಇರಲಿ.